ಬೀದಿಯಲ್ಲಿ ವಿದ್ಯುತ್ ತಂತಿ ತುಂಡಾಗಿ ಬಿದ್ದರೆ ದೂರು ನೀಡುವುದು ಹೇಗೆ?

ಶಿವಮೊಗ್ಗ ಜಿಲ್ಲೆಗೆ ವಿದ್ಯುತ್ ಪೂರೈಸುವ ಮೆಸ್ಕಾಂನ ಸಹಾಯವಾಣಿ ಸಂಖ್ಯೆ 1912 ಎಂಬುದು ಬಹುತೇಕರಿಗೆ ಗೊತ್ತಿದೆ. ಆದರೆ ‘ನಮ್ಮ ಬೀದಿಯಲ್ಲಿ ತಂತಿ ಬಿದ್ದಿದೆ, ಬೇಗ ಬನ್ನಿ’ ಎಂದಷ್ಟೇ ಹೇಳಿದರೆ ಯಾವ ಲೈನನ್ನು ಬಂದ್ ಮಾಡಬೇಕೆಂಬುದು ಆ ಕಡೆಯವರಿಗೆ ತಿಳಿಯುವುದಿಲ್ಲ. ಲೈನ್‌ಮನ್ ಸ್ಥಳಕ್ಕೆ ಬರುವುದಕ್ಕೂ ಮೊದಲೇ ಉಪಕೇಂದ್ರದಲ್ಲಿ ಆ ಫೀಡರ್, ಅಂದರೆ ಅಲ್ಲಿಂದ ನಿಮ್ಮ ಕಡೆಗೆ ಹೊರಡುವ ಲೈನ್, ಬಂದ್ ಆಗುವಂತೆ ಮಾಡುವುದೇ ದೂರಿನ ಮೊದಲ ಉದ್ದೇಶ. ಅದಕ್ಕೆ ಬೇಕಾದ ವಿವರಗಳನ್ನು ದೂರದಲ್ಲಿ ನಿಂತೇ ಕಲೆಹಾಕಬಹುದು.

ಮೊದಲು ಅಂತರ. ತಂತಿಯಿಂದ ಕನಿಷ್ಠ 10 ಮೀಟರ್, ಅಂದರೆ ಮೂವತ್ತು ಅಡಿಗೂ ಹೆಚ್ಚು ದೂರ ನಿಲ್ಲಬೇಕು. ನೆಲ ಒದ್ದೆಯಾಗಿದ್ದರೆ ಇನ್ನೂ ಹಿಂದಕ್ಕೆ ಸರಿಯಬೇಕು. ತಂತಿ ತಾಗಿದ ಜಾಗದಿಂದ ವಿದ್ಯುತ್ ನೆಲದಲ್ಲಿ ಹರಡುತ್ತದೆ. ಅಲ್ಲಿ ಒಂದು ಕಾಲಿಗೂ ಇನ್ನೊಂದು ಕಾಲಿಗೂ ನಡುವೆ ವೋಲ್ಟೇಜ್ ವ್ಯತ್ಯಾಸವಿರುವುದರಿಂದ ತಂತಿ ಮುಟ್ಟದವರಿಗೂ ಶಾಕ್ ಹೊಡೆಯಬಹುದು. ಕಾಲುಗಳ ನಡುವಿನ ಅಂತರ ಹೆಚ್ಚಾಗಿರುವ ದನಕರುಗಳಿಗೆ ಈ ಅಪಾಯ ಇನ್ನೂ ಹೆಚ್ಚು. ಅರಿವಿಲ್ಲದೆ ಹತ್ತಿರ ಹೋಗಿಬಿಟ್ಟಿದ್ದರೆ ಓಡಬಾರದು. ಎರಡೂ ಪಾದಗಳನ್ನು ಒತ್ತಟ್ಟಿಗೆ ಇಟ್ಟುಕೊಂಡು, ನೆಲದಿಂದ ಎತ್ತದೆ, ಸ್ವಲ್ಪ ಸ್ವಲ್ಪವೇ ಎಳೆಯುತ್ತ ಹಿಂದೆ ಬರಬೇಕು. ತಂತಿ ಬೇಲಿಯ ಮೇಲೆ ಬಿದ್ದಿದೆಯೇ ಎಂಬುದನ್ನು ಮಲೆನಾಡಿನಲ್ಲಿ ತಪ್ಪದೇ ನೋಡಬೇಕು. ತೋಟದ ಮುಳ್ಳುತಂತಿ ಬೇಲಿಗೆ ತಾಗಿದ್ದರೆ, ತಂತಿ ಕಾಣದಷ್ಟು ದೂರದಲ್ಲಿ ಬೇಲಿ ಹಿಡಿದವರಿಗೂ ಅಪಾಯವಿದೆ.

ಕಿಡಿ ಹಾರುತ್ತಿಲ್ಲ, ಆದ್ದರಿಂದ ಕರೆಂಟ್ ಇಲ್ಲ ಎಂದು ಜನ ಭಾವಿಸುವುದುಂಟು. ಇದು ಪ್ರಾಣಕ್ಕೇ ಎರವಾಗುವ ತಪ್ಪು. ತಂತಿ ಡಾಂಬರಿನ ಮೇಲೋ ಒಣಗಿದ ಜಂಬಿಟ್ಟಿಗೆ ನೆಲದ ಮೇಲೋ ಬಿದ್ದಾಗ ಭೂಮಿಗೆ ಹರಿಯುವ ವಿದ್ಯುತ್ ತೀರ ಕಡಿಮೆ ಇರಬಹುದು. ಆಗ ಟ್ರಾನ್ಸ್‌ಫಾರ್ಮರ್‌ನ ಫ್ಯೂಸ್ ಹೋಗುವುದಿಲ್ಲ, ದೋಷ ಕಂಡೊಡನೆ ಲೈನ್ ಕಡಿತಗೊಳಿಸಬೇಕಾದ ಉಪಕೇಂದ್ರದ ರಿಲೇ ಕೂಡ ಟ್ರಿಪ್ ಆಗುವುದಿಲ್ಲ. ತಂತಿ ಸದ್ದಿಲ್ಲದೆ ಚಾರ್ಜ್ ಆಗಿಯೇ ಬಿದ್ದಿರುತ್ತದೆ. ಮನೆಗಳಲ್ಲಿ ದೀಪ ಆರಿದ್ದರೂ ನಂಬುವಂತಿಲ್ಲ, ಏಕೆಂದರೆ ಟ್ರಿಪ್ ಆದ ಲೈನಿಗೆ ಮತ್ತೆ ಯಾವ ಕ್ಷಣದಲ್ಲಾದರೂ ಕರೆಂಟ್ ಕೊಡಬಹುದು. 11 ಕೆ.ವಿ. ಲೈನಿನ ಒಂದು ತಂತಿ ತುಂಡಾದಾಗ, ಉಪಕೇಂದ್ರದ ಸಂಪರ್ಕ ತಪ್ಪಿದ ತುದಿಗೂ ಮುಂದಿನ ಟ್ರಾನ್ಸ್‌ಫಾರ್ಮರ್‌ನ ಮೂಲಕ ಉಳಿದ ಫೇಸುಗಳ ವಿದ್ಯುತ್ ಹಿಂದಿರುಗಿ ಬರುವುದುಂಟು. ಆದ್ದರಿಂದ ಎರಡೂ ತುದಿಗಳನ್ನು ಚಾರ್ಜ್ ಇರುವ ತಂತಿಯೆಂದೇ ತಿಳಿಯಬೇಕು.

ಈಗ ಕಂಬದ ಕಡೆ ನೋಡಿ. ತುದಿಯಲ್ಲಿ ಪಿಂಗಾಣಿಯ ಇನ್ಸುಲೇಟರ್‌ಗಳ ಮೇಲೆ ಮೂರು ತಂತಿಗಳಿದ್ದರೆ ಅದು ಸಾಮಾನ್ಯವಾಗಿ 11 ಕೆ.ವಿ. ಲೈನ್. ನಾಲ್ಕೈದು ತಂತಿಗಳಿದ್ದು, ಅದರಿಂದ ಮನೆಗಳಿಗೆ ಸರ್ವಿಸ್ ವೈರ್ ಹೋಗಿದ್ದರೆ ಅದು ಕಡಿಮೆ ವೋಲ್ಟೇಜಿನ ಎಲ್‌ಟಿ ಲೈನ್. ಒಂದೇ ಕಂಬದಲ್ಲಿ ಎರಡೂ ಇದ್ದರೆ, ಬಿದ್ದಿರುವುದು ಮೇಲಿನದೋ ಕೆಳಗಿನದೋ ಎಂದು ಹೇಳಿದರೆ ಸಾಕು. ಕಂಬದ ಮೇಲೋ ಹತ್ತಿರದ ಟ್ರಾನ್ಸ್‌ಫಾರ್ಮರ್ ಮೇಲೋ ಸಂಖ್ಯೆ ಬರೆದಿದ್ದು ದೂರದಿಂದಲೇ ಕಂಡರೆ ಗುರುತು ಹಾಕಿಕೊಳ್ಳಿ. ಅದಕ್ಕಾಗಿ ಹತ್ತಿರ ಹೋಗಬೇಡಿ. ಸಂಖ್ಯೆ ಕಾಣದಿದ್ದರೆ ಆ ಕಂಬದಿಂದ ಸಂಪರ್ಕ ಪಡೆದ ಮನೆಯ ಬಿಲ್ಲಿನಲ್ಲಿರುವ ಆರ್.ಆರ್. ಸಂಖ್ಯೆ ಉಪಯೋಗಕ್ಕೆ ಬರುತ್ತದೆ.

ತೀರ್ಥಹಳ್ಳಿ ತಾಲ್ಲೂಕಿನ ಒಂದು ಊರಿನಲ್ಲಿ, ಜುಲೈ ತಿಂಗಳ ಗಾಳಿಮಳೆಗೆ ಅಕೇಶಿಯಾ ಮರದ ಕೊಂಬೆ ಮುರಿದು ತಂತಿ ಬಿದ್ದಿದೆ ಎಂದಿಟ್ಟುಕೊಳ್ಳೋಣ. ಕರೆ ಹೀಗಿರಲಿ: ‘ಸರ್, ತಂತಿ ತುಂಡಾಗಿ ರಸ್ತೆಗೆ ಬಿದ್ದಿದೆ, ಜನ ಓಡಾಡುವ ಜಾಗ. ತೀರ್ಥಹಳ್ಳಿ ತಾಲ್ಲೂಕು, ಇಂಥ ಗ್ರಾಮ, ಪ್ರಾಥಮಿಕ ಶಾಲೆಯಿಂದ ಹೊಳೆಯ ಕಡೆಗೆ ಎರಡನೇ ಕಂಬ. ಮೇಲಿನ ಮೂರು ತಂತಿಗಳಲ್ಲಿ ಒಂದು ಬಿದ್ದಿದೆ, ಒಂದು ತುದಿ ತೋಟದ ಬೇಲಿಗೆ ತಾಗಿದೆ. ಮನೆಗಳಲ್ಲಿ ದೀಪ ಮಂಕಾಗಿ ಉರಿಯುತ್ತಿದೆ. ಪಕ್ಕದ ಮನೆಯ ಆರ್.ಆರ್. ಸಂಖ್ಯೆ ಬರೆದುಕೊಳ್ಳಿ. ದಯವಿಟ್ಟು ಮೊದಲು ಲೈನ್ ಬಂದ್ ಮಾಡಿಸಿ.’ ದೀಪ ಮಂಕಾಗಿದೆ ಎಂಬ ಮಾತು ಸಣ್ಣದಾಗಿ ಕಂಡರೂ ಬಹಳ ಮುಖ್ಯವಾದದ್ದು. ಒಂದು ಫೇಸ್ ತಪ್ಪಿದ್ದರೂ ಲೈನ್ ಇನ್ನೂ ಚಾಲ್ತಿಯಲ್ಲಿದೆ ಎಂಬುದಕ್ಕೆ ಅದೊಂದು ಸುಳಿವು.

ದೂರಿನ ಸಂಖ್ಯೆಯನ್ನೂ ಕರೆ ಮಾಡಿದ ಸಮಯವನ್ನೂ ಬರೆದಿಟ್ಟುಕೊಳ್ಳಿ. 1912 ಸಿಗದಿದ್ದರೆ ಶಾಖಾ ಕಚೇರಿಗೆ ಕರೆ ಮಾಡಿ. ಯಾರಿಗಾದರೂ ಶಾಕ್ ಹೊಡೆದಿದ್ದರೆ 112ಕ್ಕೂ ತಿಳಿಸಿ. ಮಳೆ ಜೋರಾದಾಗ ನಮ್ಮಲ್ಲಿ ಮೊಬೈಲ್ ಸಿಗ್ನಲ್ ಹೋಗುವುದು ಸಾಮಾನ್ಯ. ಆಗ ಇದೇ ವಿವರಗಳನ್ನು ಚೀಟಿಯಲ್ಲಿ ಬರೆದು ಒಬ್ಬರನ್ನು ಬೈಕಿನಲ್ಲಿ ಉಪಕೇಂದ್ರಕ್ಕೆ ಕಳುಹಿಸಬೇಕು. ಉಳಿದವರು ರಸ್ತೆಯ ಎರಡೂ ಕಡೆ ದೂರದಲ್ಲಿ ನಿಂತು ಜನರನ್ನೂ ವಾಹನಗಳನ್ನೂ ತಡೆಯಬೇಕು. ಬಿದಿರು ಗಳುವಿನಿಂದ ತಂತಿ ಸರಿಸಲು ಯಾರಿಗೂ ಬಿಡಬೇಡಿ. ಒದ್ದೆ ಗಳುವಿನಲ್ಲಿ ವಿದ್ಯುತ್ ಹರಿಯುತ್ತದೆ.

‘ಲೈನ್ ಬಂದ್ ಮಾಡಿದ್ದೇವೆ’ ಎಂದು ಫೋನಿನಲ್ಲಿ ಹೇಳಿದ ಮಾತ್ರಕ್ಕೆ ಕಾವಲು ಬಿಡುವಂತಿಲ್ಲ. ಸಿಬ್ಬಂದಿ ಬಂದು, ಲೈನ್ ಬಂದ್ ಆಗಿದೆ, ಕೆಲಸ ಮಾಡಬಹುದು ಎಂಬ ‘ಲೈನ್ ಕ್ಲಿಯರ್’ ಅನುಮತಿ ಪಡೆದು, ಪರೀಕ್ಷಿಸಿ, ಲೈನನ್ನು ಅರ್ಥಿಂಗ್ ಮಾಡುವವರೆಗೂ ಅಲ್ಲೇ ಇರಬೇಕು. ಜೀವಹಾನಿಯೋ ಗಾಯವೋ ಆಗಿದ್ದರೆ 2003ರ ವಿದ್ಯುತ್ ಕಾಯ್ದೆಯ 161ನೇ ಸೆಕ್ಷನ್ ಪ್ರಕಾರ ವಿದ್ಯುತ್ ಪರಿವೀಕ್ಷಕರಿಂದ ವಿಚಾರಣೆಗೆ ಅವಕಾಶವಿದೆ. ಅಂಥ ಸಂದರ್ಭದಲ್ಲಿ ದೂರಿನ ಸಂಖ್ಯೆ, ಸಮಯ ಮತ್ತು ದೂರದಿಂದ ತೆಗೆದ ಫೋಟೋಗಳೊಂದಿಗೆ ಲಿಖಿತ ದೂರನ್ನು ಉಪವಿಭಾಗದ ಕಚೇರಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.