ಭತ್ತದ ಗದ್ದೆಗೆ ಅಜೋಲ್ಲಾ: ಒಂದು ಎಕರೆಯ ಲೆಕ್ಕ

ಸಾರಜನಕಕ್ಕೆಂದು ಮಳೆಗಾಲದ ಭತ್ತಕ್ಕೆ ನಾನು ಅಜೋಲ್ಲಾ ಎಂಬ ತೇಲುವ ಪುಟ್ಟ ಜರಿಗಿಡ ಬಿಡುತ್ತೇನೆ, ಬೇಸಿಗೆ ಭತ್ತಕ್ಕೆ ನೀಲಿ ಹಸಿರು ಪಾಚಿ. ಎರಡನ್ನೂ ಒಂದೇ ಗದ್ದೆಗೆ ಹಾಕಿದರೆ ಅಜೋಲ್ಲಾ ಚಾಪೆಯಂತೆ ಹರಡಿ ಬಿಸಿಲು ತಡೆಯುತ್ತದೆ, ಕೆಳಗಿನ ಪಾಚಿ ಸೊರಗುತ್ತದೆ. ಹಾಗೆ ನೋಡಿದರೆ ಅಜೋಲ್ಲಾದಲ್ಲಿ ಗಾಳಿಯ ಸಾರಜನಕ ಹಿಡಿಯುವುದೂ ಅದರ ಎಲೆಯೊಳಗೆ ವಾಸಿಸುವ ಅನಾಬೀನಾ ಎಂಬ ನೀಲಿ ಹಸಿರು ಪಾಚಿಯೇ.

ಎಕರೆಗೆ 200 ಕೆಜಿ ಹಸಿ ಅಜೋಲ್ಲಾ ಬೇಕು. ನಾಟಿಗೆ ಎರಡು ವಾರ ಮೊದಲು 20 ಮೀಟರ್ ಉದ್ದ, 2 ಮೀಟರ್ ಅಗಲದ ಎರಡು ಮಡಿಗಳಲ್ಲಿ ಅಂಗೈ ಆಳದಷ್ಟು ನೀರು ನಿಲ್ಲಿಸುತ್ತೇನೆ. ಪ್ರತಿ ಮಡಿಗೆ 10 ಕೆಜಿ ಸಗಣಿ ಕದಡಿ ಹಾಕಿ, 8 ಕೆಜಿ ಅಜೋಲ್ಲಾ ಬಿಟ್ಟು, ನಾಲ್ಕು ದಿನಕ್ಕೊಮ್ಮೆಯಂತೆ ಮೂರು ಸಲ 100 ಗ್ರಾಂ ಸೂಪರ್ ಫಾಸ್ಫೇಟ್ ಎರಚುತ್ತೇನೆ.

ನಾಟಿಯಾದ ಎಂಟು ಹತ್ತು ದಿನಕ್ಕೆ ಗದ್ದೆಗೆ ಬಿಡಬೇಕು. ಚದರ ಮೀಟರಿಗೆ 50 ಗ್ರಾಂ ಬೀಳುತ್ತದೆ. ನಾಲ್ಕೈದು ದಿನಕ್ಕೊಮ್ಮೆ ಇಮ್ಮಡಿಯಾದರೆ ಐದು ಇಮ್ಮಡಿಗೆ, ಅಂದರೆ ಮೂರು ವಾರದ ಆಸುಪಾಸಿನಲ್ಲಿ, ಒಂದೂವರೆ ಕೆಜಿ ಮುಟ್ಟಿ ನೀರು ಕಾಣದಂತೆ ಮುಚ್ಚುತ್ತದೆ. ನೀರು ಹೊರಹೋಗುವ ಬಾಯಿಗೆ ಬಲೆ ಕಟ್ಟದಿದ್ದರೆ ಒಂದೇ ಮಳೆಗೆ ಎಲ್ಲವೂ ಪಕ್ಕದವರ ಗದ್ದೆ ಸೇರುತ್ತದೆ.

ಹೆಚ್ಚು ಕೈಕೊಡುವುದು ರಂಜಕ. ಅಡಿಗೊಬ್ಬರವಾಗಿ ಹಾಕಿದ್ದು ಮಣ್ಣಿನಲ್ಲಿ ಸಿಕ್ಕಿಬೀಳುತ್ತದೆ, ತೇಲುವ ಗಿಡಕ್ಕೆ ಎಟುಕುವುದಿಲ್ಲ. ಆಗ ಗಿಡ ಸಣ್ಣದಾಗಿ, ಕೆಂಪು ನೇರಳೆಗೆ ತಿರುಗಿ, ಬೇರು ಉದ್ದವಾಗುತ್ತದೆ. ಸುಡು ಬಿಸಿಲಿಗೂ ಕೆಂಪಾಗುವುದುಂಟು. ಹಾಗಾಗಿ ಬದುವಿನ ನೆರಳಿನಲ್ಲಿರುವುದನ್ನು ನೋಡುತ್ತೇನೆ. ಅದು ಹಸಿರಾಗಿದ್ದರೆ ಬಿಸಿಲಿನ ಕಾಟ, ಅದೂ ಕೆಂಪಾಗಿದ್ದರೆ ರಂಜಕದ ಕೊರತೆ. ಎಕರೆಗೆ 10 ಕೆಜಿ ಸೂಪರ್ ಫಾಸ್ಫೇಟನ್ನು ಮೂರು ಕಂತು ಮಾಡಿ ನೀರಿನ ಮೇಲೆ ಎರಚಿದರೆ ಸುಧಾರಿಸುತ್ತದೆ. ಬಲೆ ನೇಯ್ದು ತಿನ್ನುವ ಹುಳು ಬಿದ್ದರೆ ಮಾತ್ರ ಬೇಗ ಕಾಣಬೇಕು, ಕೆಲವೇ ದಿನಗಳಲ್ಲಿ ಚಾಪೆ ಕಪ್ಪಾಗಿ ಕೊಳೆಯುತ್ತದೆ.

ಚಾಪೆ ಮುಚ್ಚಿತೆಂದರೆ ಪೈರಿಗೆ ಸಾರಜನಕ ಸಿಕ್ಕಿತು ಎಂದಲ್ಲ. ಬದುಕಿರುವ ಅಜೋಲ್ಲಾ ಬಹುಪಾಲನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ನೀರು ಬಸಿದು, ಅದು ಕೆಸರಿಗೆ ಕೂತ ಮೇಲೆ ಸಾಲಿನ ನಡುವೆ ಕೋನೋ ವೀಡರ್ ಓಡಿಸಿ ತುಳಿದರೆ ಕೊಳೆತು ಆ ಸಾರಜನಕವನ್ನು ಬಿಟ್ಟುಕೊಡುತ್ತದೆ. ಪೂರ್ತಿ ಮುಚ್ಚಿದ ಎಕರೆಯಲ್ಲಿ ಸುಮಾರು 6 ಟನ್ ಇರುತ್ತದೆ, ಆದರೆ ಅದರಲ್ಲಿ ನೂರಕ್ಕೆ 94 ಪಾಲು ನೀರೇ. ಒಣ ತೂಕದ ನೂರಕ್ಕೆ 4 ಪಾಲು ಸಾರಜನಕವೆಂದು ಹಿಡಿದರೆ 14 ಕೆಜಿ, ಅಂದರೆ 30 ಕೆಜಿ ಯೂರಿಯಾದಷ್ಟು. ಎಲ್ಲವೂ ಪೈರಿಗೆ ದಕ್ಕುವುದಿಲ್ಲವಾದ್ದರಿಂದ ಮೇಲುಗೊಬ್ಬರದಲ್ಲಿ 20 ಕೆಜಿ ಯೂರಿಯಾ ಮಾತ್ರ ಕಡಿಮೆ ಮಾಡುತ್ತೇನೆ.

ಬೇಸಿಗೆಯಲ್ಲಿ ನೀರು ಕಾದು ಅಜೋಲ್ಲಾ ನಿಲ್ಲುವುದಿಲ್ಲ. ಆಗ ನಾಟಿಯಾದ ಹತ್ತನೇ ದಿನ ಎಕರೆಗೆ 4 ಕೆಜಿ ಒಣ ಪಾಚಿಪುಡಿ ಎರಚಿ, ಮುಂದಿನ ಹತ್ತು ಹನ್ನೆರಡು ದಿನ ಗದ್ದೆ ಒಣಗಲು ಬಿಡುವುದಿಲ್ಲ.