ತರಕಾರಿ ನೀರು ಬಿಡದೆ ಗರಿಗರಿಯಾದದ್ದು ಹೀಗೆ

ಉಡುಪಿಯ ಮಳೆಗಾಲದಲ್ಲಿ ತರಕಾರಿ ಹುರಿದಾಗಲೆಲ್ಲ ಬಾಣಲೆಯ ತಳದಲ್ಲಿ ನೀರು ನಿಂತು, ಬೀನ್ಸ್ ಬಣ್ಣಗೆಟ್ಟು ಮೆತ್ತಗಾಗುತ್ತಿತ್ತು. ಎಣ್ಣೆ ಹೆಚ್ಚಿಸಿದರೂ, ಹೆಚ್ಚು ಹೊತ್ತು ಹುರಿದರೂ ಸರಿಹೋಗಲಿಲ್ಲ.

ಸರಿಹೋದದ್ದು ಪ್ರಮಾಣ ಇಳಿಸಿದಾಗ. ಮನೆಯ ಗ್ಯಾಸ್ ಒಲೆಗೆ ಒಂದು ಸಲಕ್ಕೆ 200 ಗ್ರಾಂ ಸಾಕು. ಹೆಚ್ಚಾದರೆ ಬಾಣಲೆ ತಣಿದು, ತರಕಾರಿ ತಾನು ಬಿಟ್ಟ ನೀರಿನಲ್ಲೇ ಬೇಯುತ್ತದೆ.

ತೊಳೆದದ್ದನ್ನು ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಿ. ದೊಡ್ಡ ಉರಿಯಲ್ಲಿ ಕಬ್ಬಿಣದ ಬಾಣಲೆ ತೆಳುವಾಗಿ ಹೊಗೆಯಾಡಿದಾಗ ಒಂದು ದೊಡ್ಡ ಚಮಚ ಶೇಂಗಾ ಎಣ್ಣೆ ಹಾಕಿ. ಗಾಣದ ತೆಂಗಿನೆಣ್ಣೆ ಈ ಕಾವಿಗೆ ಬೇಗ ಸೀಯುತ್ತದೆ. ಮೊದಲು ಓರೆಯಾಗಿ ತೆಳ್ಳಗೆ ಹೆಚ್ಚಿದ ಬೀನ್ಸ್, ಕ್ಯಾರೆಟ್. 2 ನಿಮಿಷದ ಬಳಿಕ ಕ್ಯಾಪ್ಸಿಕಂ, ಮತ್ತೊಂದು ನಿಮಿಷಕ್ಕೆ ಕ್ಯಾಬೇಜ್. ಅರ್ಧ ನಿಮಿಷ ಕೈಯಾಡಿಸಿ, ಉಪ್ಪು ಬೆರೆಸಿ, ಕೂಡಲೇ ಅಗಲ ತಟ್ಟೆಗೆ ಹರಡಿ. ಉಪ್ಪು ಮೊದಲೇ ಬಿದ್ದರೆ ನೀರೊಡೆಯುತ್ತದೆ.

ನಡುವೆ ಚುರುಗುಟ್ಟುವ ಸದ್ದು ಕುಗ್ಗಿದರೆ ಪ್ರಮಾಣ ಇನ್ನೂ ಜಾಸ್ತಿಯೆಂದೇ ಅರ್ಥ. ಎರಡನೆಯ ಸಲಕ್ಕೆ ಬಾಣಲೆಯನ್ನು ಒರೆಸಿ, ಮತ್ತೆ ಹೊಗೆಯಾಡುವವರೆಗೆ ಕಾಯಿಸಿ.