ಮಸುಕು ಫೋಟೋದ ರಿಕರೆನ್ಸ್: ಊಹಿಸಿದೆ, ತಾಳೆ ನೋಡಿದೆ, ಬಿಡಿಸಿದೆ

ಗೆಳೆಯನೊಬ್ಬ ಸ್ಪರ್ಧೆಯ ಲೆಕ್ಕವೊಂದರ ಫೋಟೋ ಕಳಿಸಿದ್ದ. a₁ = 1, ಮುಂದಿನ ಪದ aₙ₊₁ = 3aₙ + 2 ಮತ್ತು ಅದರ ಪಕ್ಕ ಒಂದು n. ಆ n ಮೇಲೇರಿದೆಯೋ ಸಾಲಿನಲ್ಲೇ ಇದೆಯೋ ಕಾಣುತ್ತಿರಲಿಲ್ಲ. n ಸಮಸಂಖ್ಯೆಯಾದರೆ aₙ ಅನ್ನು 5 ಭಾಗಿಸುತ್ತದೆ ಎಂದು ಸಾಧಿಸಬೇಕು. ದುಡ್ಡು ಕೊಟ್ಟು ಹಾಕಿಸಿಕೊಂಡಿದ್ದ ಸ್ಕ್ಯಾನ್ ಆ್ಯಪ್ 2n ಎಂದೇ ಓದಿತು. ಆ ದುಡ್ಡು ದಂಡ.

ಇಲ್ಲೇ ಇರುವುದು ಸ್ವಾರಸ್ಯ. 2n ಹಾಕಿದರೂ 1, 5, 19 ಬರುತ್ತದೆ, 2ⁿ ಹಾಕಿದರೂ ಅದೇ 1, 5, 19. ಏಕೆಂದರೆ n = 1 ಮತ್ತು 2 ಆದಾಗ ಎರಡರ ಬೆಲೆಯೂ ಒಂದೇ. ಮೂರು ಪದ ಸರಿಹೋಯಿತೆಂದು ಗೆಳೆಯರು 2n ಹಿಡಿದು ಹೊರಟರು, ಅರ್ಧ ಗಂಟೆ ಗುದ್ದಾಡಿದರು. ಅವರಿಗೆ ಸಿಕ್ಕಿದ್ದು (5·3ⁿ − 6n − 3)/6. ಆ ರಿಕರೆನ್ಸ್‌ಗೆ ಉತ್ತರ ಸರಿಯೇ, ಆದರೆ ನಾಲ್ಕನೇ ಪದ 63, ಅದನ್ನು 5 ಭಾಗಿಸುವುದಿಲ್ಲ. 2ⁿ ಹಾಕಿದರೆ 65. ಫೋಟೋದಲ್ಲಿ ಕಾಣದ್ದನ್ನು ಪ್ರಶ್ನೆಯೇ ಹೇಳಿಬಿಟ್ಟಿತು.

ಇನ್ನು ಊಹೆ. ಪದಗಳು 1, 5, 19, 65, 211. ಅಕ್ಕಪಕ್ಕದ ಪದಗಳ ಅನುಪಾತ 5, 3.8, 3.4, 3.2 ಹೀಗೆ 3ರ ಕಡೆ ಇಳಿಯುತ್ತದೆ. ಹಾಗಾಗಿ ಕೆಳಗೆ 3, 9, 27, 81, 243 ಬರೆದು ಕಳೆದೆ. ಉಳಿದದ್ದು 2, 4, 8, 16, 32. ಅಂದರೆ aₙ = 3ⁿ − 2ⁿ.

"ಊಹೆಯನ್ನು ಯಾರು ಒಪ್ಪುತ್ತಾರೆ? ಜನರೇಟಿಂಗ್ ಫಂಕ್ಷನ್ ಹಾಕು" ಎಂದು ಒಬ್ಬ ರೇಗಿದ. ಉತ್ತರ ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ, ಇಂಡಕ್ಷನ್ ನಿಂತರೆ ಸಾಕು. ಮೊದಲ ಪದ 3 − 2 = 1. ಮುಂದಿನದು

3(3ⁿ − 2ⁿ) + 2ⁿ = 3ⁿ⁺¹ − 2·2ⁿ = 3ⁿ⁺¹ − 2ⁿ⁺¹

ಮುಗಿಯಿತು. n = 2m ಆದರೆ 9ᵐ − 4ᵐ, ಅದನ್ನು 9 − 4 = 5 ಭಾಗಿಸುತ್ತದೆ. ಎಲ್ಲ ಸೇರಿ ಐದಾರು ಸಾಲು. ರೇಗಿದವನು ಆಗ ಇನ್ನೂ ಭಿನ್ನರಾಶಿಗಳನ್ನು ಒಡೆಯುತ್ತಿದ್ದ!

ಕೈ ಸುಮ್ಮನಿರದೆ 2ⁿ ಜಾಗಕ್ಕೆ 3ⁿ ಹಾಕಿ ನೋಡಿದೆ. c·3ⁿ ಎಂದು ಊಹಿಸಿದರೆ 3c = 3c + 1 ಬಂದು ಊಹೆ ಅಲ್ಲೇ ಬೀಳುತ್ತದೆ. ಕೂಡುವ ಘಾತದ ಆಧಾರಸಂಖ್ಯೆಯೂ ಗುಣಿಸುವ ಸಂಖ್ಯೆಯೂ ಒಂದೇ ಆದಾಗ ಹೀಗಾಗುತ್ತದೆ. ಊಹೆಗೆ ಒಂದು n ಗುಣಿಸಿ c·n·3ⁿ ಮಾಡಿದರೆ c = 1/3, ಉತ್ತರ n·3ⁿ⁻¹. ಪದಗಳು 1, 6, 27, ತಾಳೆಯಾಗುತ್ತವೆ. ಇಲ್ಲಿ ಅನುಪಾತ 3ರ ಕಡೆ ಬಹಳ ನಿಧಾನವಾಗಿ ಇಳಿಯುತ್ತದೆ, ಹತ್ತನೇ ಪದದ ಹೊತ್ತಿಗೂ ಇನ್ನೂ 3.3 ಆಸುಪಾಸು. ಅನುಪಾತ ಹೀಗೆ ತೆವಳುವುದು ಕಂಡರೆ n ಬೇಕೆಂದು ನನಗೆ ಗೊತ್ತಾಗುತ್ತದೆ. ಅದಕ್ಕೂ ಮೊದಲೇ, ಮೂರೇ ಪದದಲ್ಲಿ ಹಿಡಿಯುವ ಉಪಾಯವೊಂದಿದೆ, ಮುಂದಿನ ಸ್ಪರ್ಧೆ ಮುಗಿಯುವವರೆಗೆ ಅದು ನನ್ನ ಹತ್ತಿರವೇ ಇರಲಿ.